ಎಸ್‌ಒಪಿಯ ಮೊದಲ ಘಟನೆಯನ್ನ ಪ್ರಾಜೆಕ್ಟ್ ನೋಟ್‌ಬುಕ್‌ನಲ್ಲಿ ಹುಡುಕಿ

ಪ್ರಶ್ನೆ: ಎನ್ವಿರಾನ್ಮೆಂಟಲ್ ಎಂಜಿನಿಯರಿಂಗ್ ಎಂಎಸ್‌ಗೆ ಎಸ್‌ಒಪಿ ಬರೀತಿದ್ದೀನಿ, ಊರು ಕೋಲಾರ. ‘ಚಿಕ್ಕಂದಿನಿಂದಲೂ’ ಅಂತ ಶುರು ಮಾಡ್ಬೇಡ ಅಂತಾರೆ ಎಲ್ಲರೂ. ಮತ್ತೆ ಯಾವ ಘಟನೆ ಹಾಕಲಿ? ನನ್ನದೇ ಅನ್ನಿಸಬೇಕು.

ಉತ್ತರ: ಕಳೆದ ಎರಡು-ಮೂರು ವರ್ಷದಲ್ಲಿ ಯಾರೂ ಹೇಳದೇ ಇದ್ದ ಕೆಲಸಕ್ಕೆ ನೀವಾಗೇ ಕೈ ಹಾಕಿದ ದಿನ ಯಾವುದು, ಅದನ್ನ ಹುಡುಕಿ. ಪ್ರಾಜೆಕ್ಟ್ ನೋಟ್‌ಬುಕ್ ತೆಗೆದು ಕೂತ್ರೆ ಬೇಗ ಸಿಗುತ್ತೆ.

ನಮ್ಮ ಕಡೆಯ ಹುಡುಗ ಹುಡುಗಿಯರ ಎಸ್‌ಒಪಿ ತಿದ್ದಿಕೊಡ್ತಾ ಇರ್ತೀನಿ. ಬಿಂದಿಗೆ ಹೊತ್ತ ಅಜ್ಜಿ, ಟ್ಯಾಂಕರ್ ಮುಂದಿನ ಸಾಲು, ಬತ್ತಿದ ಕೆರೆ ಬಂದೇ ಬರುತ್ತೆ. ಸುಳ್ಳಲ್ಲ, ಎಲ್ಲ ಪಟ್ಟ ಕಷ್ಟವೇ. ಆದರೆ ಓದೋ ಪ್ರೊಫೆಸರ್‌ಗೆ ಬೇಕಾಗಿರೋದು ನೀವು ಒಂದು ಸಮಸ್ಯೆಯನ್ನ ಹೇಗೆ ಯೋಚಿಸ್ತೀರಿ ಅನ್ನೋದು. ಅಜ್ಜಿಯ ಬಿಂದಿಗೆ ಅದನ್ನ ಹೇಳಲ್ಲ.

ಶ್ರೀನಿವಾಸಪುರ ಕಡೆಯ ಒಬ್ಬ ಹುಡುಗಿಯ ಎಸ್‌ಒಪಿಯೂ ಹೀಗೇ ಶುರುವಾಗಿತ್ತು. ಪ್ರಾಜೆಕ್ಟ್‌ನಲ್ಲಿ ಏನು ಮಾಡ್ದೆ ಅಂತ ಕೇಳಿದೆ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಅಳೆದಿದ್ದಳು. ದೊಡ್ಡಪ್ಪನ ಹೊಲದ ಹಳೇ ಬೋರ್‌ನಲ್ಲಿ ಲೀಟರಿಗೆ 0.9 ಮಿಲಿಗ್ರಾಂ, ಪಕ್ಕದಲ್ಲೇ ಹೊಸದಾಗಿ ಆಳಕ್ಕೆ ಕೊರೆಸಿದ್ದರಲ್ಲಿ 2.4. ಕುಡಿಯೋ ನೀರಿಗೆ ಬೇರೆ ಮೂಲವೇ ಇಲ್ಲದಿದ್ದರೂ 1.5 ದಾಟಬಾರದು. ಆಳ ಹೆಚ್ಚಿದಂತೆ ಫ್ಲೋರೈಡ್ ಹೆಚ್ಚು ಅಂತ ಬರೆದು ರಿಪೋರ್ಟ್ ಮುಗಿಸಬಹುದಿತ್ತು. ಅವಳು ಉಳಿದಿದ್ದ ನೀರನ್ನ ಇಡಿಟಿಎ ಟೈಟ್ರೇಶನ್‌ಗೆ ಹಾಕಿ ಕ್ಯಾಲ್ಸಿಯಂ ನೋಡಿದಳು. ಆಳದ ನೀರಲ್ಲಿ ಅದು ತೀರಾ ಕಮ್ಮಿ. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ತಳಕ್ಕೆ ಕೂರುತ್ತೆ, ಕಮ್ಮಿಯಿದ್ದರೆ ನೀರಲ್ಲೇ ಉಳಿಯುತ್ತೆ. ಹಾಗಾದ್ರೆ ಆಳದ ನೀರಿನ ಕ್ಯಾಲ್ಸಿಯಂ ಎಲ್ಲಿ ಹೋಯಿತು? ಅದಕ್ಕೆ ಅವಳ ಹತ್ರ ಉತ್ತರ ಇರಲಿಲ್ಲ.

ಅದನ್ನೇ ಮೊದಲ ಪ್ಯಾರಾ ಮಾಡಿಸಿದೆ. ಎರಡು ಬೋರ್, ಎರಡು ಅಂಕಿ, ಕೇಳದಿದ್ದರೂ ಮಾಡಿದ ಟೈಟ್ರೇಶನ್, ಉತ್ತರ ಸಿಗದ ಪ್ರಶ್ನೆ. ಐದು ವಾಕ್ಯ ಸಾಕಾಯ್ತು. ದೊಡ್ಡಪ್ಪನ ಮನೆಯವರು ಆ ಹೊಸ ಬೋರ್ ನೀರನ್ನೇ ಕುಡೀತಿದ್ರು ಅನ್ನೋದು ಒಂದೇ ವಾಕ್ಯದಲ್ಲಿ ಬಂತು. ಅದಕ್ಕೆ ವಿಶೇಷಣ ಸೇರಿಸೋಕೆ ಹೋದಳು, ನಾನು ಬಿಡಲಿಲ್ಲ. ಅಂಕಿಯ ಪಕ್ಕ ಆ ವಾಕ್ಯ ಬರಿದಾಗಿ ನಿಂತಾಗಲೇ ಮನಸ್ಸಿಗೆ ತಟ್ಟೋದು.

ನೀವು ಆರಿಸಿದ ಘಟನೆ ಸರಿಯಿದೆಯಾ ಅಂತ ತಿಳಿಯೋಕೆ ಮೊದಲ ಪ್ಯಾರಾ ಮುಚ್ಚಿ ಎರಡನೆಯದರಿಂದ ಓದಿ. ಏನೂ ಕಳೆದುಹೋದಂತೆ ಅನ್ನಿಸದಿದ್ದರೆ ಆ ಘಟನೆ ಬರೀ ಅಲಂಕಾರ, ತೆಗೆದುಹಾಕಿ. ಅವಳ ಎರಡನೇ ಪ್ಯಾರಾ ‘ಈ ಪ್ರಶ್ನೆಗೆ ಬೇಕಾದ ಜಿಯೋಕೆಮಿಸ್ಟ್ರಿ ನನ್ನ ಸಿಲಬಸ್‌ನಲ್ಲಿ ಇರಲಿಲ್ಲ’ ಅಂತ ಶುರುವಾಗಿ, ಆ ವಿಭಾಗದಲ್ಲಿ ಯಾವ ಲ್ಯಾಬ್ ಇದರ ಮೇಲೆ ಕೆಲಸ ಮಾಡುತ್ತೆ ಅನ್ನೋದಕ್ಕೆ ನೇರ ಹೋಗುತ್ತಿತ್ತು. ಮೊದಲ ಪ್ಯಾರಾ ಇಲ್ಲದಿದ್ದರೆ ‘ಈ ಪ್ರಶ್ನೆ’ ಯಾವುದು ಅಂತಲೇ ಗೊತ್ತಾಗಲ್ಲ.

ಬಾಲ್ಯದ್ದನ್ನ ಪೂರ್ತಿ ಬಿಡೋಕೆ ಮನಸ್ಸು ಬರದಿದ್ದರೆ, ಕೆಲವು ವಿಶ್ವವಿದ್ಯಾಲಯಗಳು ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್ ಅಂತ ಬೇರೆಯಾಗೇ ಕೇಳ್ತವೆ. ಅಜ್ಜಿಯ ಬಿಂದಿಗೆಯನ್ನ ಅಲ್ಲಿ ಬರೀರಿ.