ಪ್ರೋಬಯಾಟಿಕ್ ಕ್ರೀಮಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತಾ?

"ನನ್ನ ಪ್ರೋಬಯಾಟಿಕ್ ಕ್ರೀಮಿನಲ್ಲಿ ಬೈಫಿಡಾ ಫರ್ಮೆಂಟ್ ಲೈಸೇಟ್ ಇದೆ, ಜೊತೆಗೆ ಫಿನಾಕ್ಸಿಎಥನಾಲ್ ಕೂಡ ಇದೆ. ಅದು ಒಳ್ಳೆಯ ಬ್ಯಾಕ್ಟೀರಿಯಾವನ್ನು ಸಾಯಿಸಲ್ವಾ?"

ಸಾಯಿಸೋಕೆ ಅಲ್ಲಿ ಜೀವ ಇರೋದೇ ಇಲ್ಲ. ಲೈಸೇಟ್ ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ, ಒಡೆದು ತೆಗೆದ ಚೂರುಗಳು. ಪ್ರೋಬಯಾಟಿಕ್ ಎಂಬ ಪದಕ್ಕೆ ಜೀವಂತ ಸೂಕ್ಷ್ಮಜೀವಿ ಇರಲೇಬೇಕು. ಹಾಗಾಗಿ ಹೆಸರೇ ತಪ್ಪು, ನನಗೆ ಇದು ನಿಜಕ್ಕೂ ಬೇಸರದ ವಿಷಯ. ಫಿನಾಕ್ಸಿಎಥನಾಲ್ ಬಗ್ಗೆ ಮಾತ್ರ ಹೆದರಬೇಡಿ, ಅದು ಕ್ರೀಮ್ ಕೆಡದಂತೆ ಕಾಯುವ ಸಂರಕ್ಷಕ. ನೀರಿರುವ ಕ್ರೀಮಿಗೆ ಸಂರಕ್ಷಕ ಬೇಕೇ ಬೇಕು, ಇಲ್ಲದಿದ್ದರೆ ಬೇಡದ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ.

ಹಾಗಂತ ಲೈಸೇಟ್ ಸುಮ್ನೆ ದಂಡ ಅಂತಲ್ಲ. ವಿಟ್ರಿಯೊಸಿಲ್ಲಾ ಫಿಲಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದ ಲೈಸೇಟ್ ಹಚ್ಚಿದಾಗ ಅಟಾಪಿಕ್ ಎಕ್ಸಿಮಾ ಎಂಬ ಚರ್ಮದ ತೊಂದರೆಯ ತುರಿಕೆ ಕಡಿಮೆಯಾಗಿದ್ದು ಪ್ರಯೋಗದಲ್ಲಿ ಕಂಡಿದೆ. ಆದರೆ ಅದು ಆ ಒಂದು ತಳಿಯ ಫಲ. ನಿಮ್ಮ ಬೈಫಿಡಾಗೆ ಅದನ್ನು ಅಂಟಿಸೋಕೆ ಆಗಲ್ಲ, ಅದರಲ್ಲೂ ಲೇಬಲ್ಲಿನಲ್ಲಿ ಪ್ರಮಾಣ ಬರೆದಿಲ್ಲದಿದ್ದರೆ.

"ಮೈಕ್ರೋಬಯೋಮ್ ಸ್ನೇಹಿ" ಎಂಬ ಮಾತಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಮೈಕ್ರೋಬಯೋಮ್ ಅಂದರೆ ಇಲ್ಲಿ ಚರ್ಮದ ಮೇಲೆ ಬದುಕುವ ಸೂಕ್ಷ್ಮಜೀವಿಗಳ ಗುಂಪು. ಆರೋಗ್ಯವಂತರಲ್ಲೇ ಈ ಸೂಕ್ಷ್ಮಜೀವಿಗಳು ಒಬ್ಬರಿಂದೊಬ್ಬರಿಗೆ ತುಂಬಾ ಬೇರೆ. ಕ್ರೀಮ್ ಹಚ್ಚಿ ಚರ್ಮ ಮೆತ್ತಗಾದರೆ ಅದು ಗ್ಲಿಸರಿನ್‌ನಿಂದಲೂ ಆಗಿರಬಹುದು. ಉರಿ ಇಲ್ಲದಿದ್ದರೆ ಡಬ್ಬಿ ಮುಗಿಸಿ. ಮುಂದಿನ ಸಲ ಪ್ರೋಬಯಾಟಿಕ್ ಎಂಬ ಪದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ.