ಬೇರೆ ಕ್ಯಾಮೆರಾದ ಬೀರು, ಗೋಡೆ ಗೆರೆಗೆ ಯಾಕೆ ಕೂರ್ತಿಲ್ಲ?

ಪ್ರಶ್ನೆ: ಮೊಬೈಲಲ್ಲಿ ತೆಗೆದ ರೂಮ್ ಫೋಟೋ ಒಳಗೆ, ಕ್ಯಾಮೆರಾದ 18-55 ಲೆನ್ಸಲ್ಲಿ 18ಕ್ಕೆ ಇಟ್ಟು ತೆಗೆದ ಬೀರು ಕಟ್ ಮಾಡಿ ಕೂರಿಸ್ತಿದೀನಿ. ಬೀರು ಅಂಚು ಹೊಟ್ಟೆ ಬಂದ ಹಾಗೆ ಕಾಣತ್ತೆ, Photoshop ಅಲ್ಲಿ Warp ಹಾಕಿ ಎಳೆದ್ರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡತ್ತೆ. ಏನ್ ಮಾಡ್ಲಿ?

ಉತ್ತರ: ಮೊದಲು ಆ Warp ತೆಗೆದುಬಿಡಿ, ಕಟ್ ಮಾಡಿದ ತುಂಡನ್ನೂ ಪಕ್ಕಕ್ಕಿಡಿ, ಬೀರುವಿನ ಪೂರ್ತಿ ಒರಿಜಿನಲ್ ಫೋಟೋಗೆ ವಾಪಸ್ ಹೋಗಿ. ಯಾಕಂದ್ರೆ ಲೆನ್ಸ್ ಬಗ್ಗಿಸೋದು ಫ್ರೇಮಿನ ಮಧ್ಯದಿಂದ ಲೆಕ್ಕ. ಮಧ್ಯದಲ್ಲಿ ಹಾದುಹೋಗೋ ಗೆರೆ ನೆಟ್ಟಗೇ ಇರತ್ತೆ, ಅಂಚಿಗೆ ಹೋದಷ್ಟೂ ಬಾಗತ್ತೆ. ನಿಮ್ಮ ಬೀರು ಫ್ರೇಮಿನ ಅಂಚಲ್ಲಿ ಇದ್ದಿರಬೇಕು, ಹಾಗಾಗಿ ಅದರ ಹೊರಗಿನ ಅಂಚು ಜಾಸ್ತಿ ಬಾಗಿರತ್ತೆ, ಒಳಗಿನದು ಕಮ್ಮಿ. ಕ್ರಾಪ್ ಮಾಡಿದ ಮೇಲೆ ಸಾಫ್ಟ್‌ವೇರ್ ಆ ತುಂಡಿನ ಮಧ್ಯವನ್ನೇ ಲೆನ್ಸಿನ ಮಧ್ಯ ಅಂದ್ಕೊಳತ್ತೆ, ಅಲ್ಲಿಂದ ಎಲ್ಲಾ ತಪ್ಪು.

ಪೂರ್ತಿ ಫೋಟೋನ Camera Raw ಒಳಗೆ ತೆರೆದು Optics ಅಲ್ಲಿ ಲೆನ್ಸ್ ಪ್ರೊಫೈಲ್ ಆನ್ ಮಾಡಿ. ಪ್ರೊಫೈಲ್ ಸಿಗ್ಲಿಲ್ಲ ಅಂದ್ರೆ ಅಲ್ಲೇ ಇರೋ Distortion ಸ್ಲೈಡರನ್ನ ಪ್ಲಸ್ ಕಡೆಗೆ ಸ್ವಲ್ಪ ಸ್ವಲ್ಪ ಸರಿಸಿ. ಸಾಕಾಯ್ತಾ ಅಂತ ಕಣ್ಣಂದಾಜಲ್ಲಿ ನೋಡ್ಬೇಡಿ. Photoshop ಗೆ ವಾಪಸ್ ಬಂದು, ಬೀರು ಅಂಚಿನ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಲೈನ್ ಟೂಲಲ್ಲಿ ಒಂದು ತೆಳು ಗೆರೆ ಎಳೀರಿ. ಗೆರೆಯ ನಡುಭಾಗದಲ್ಲಿ ಅಂಚು ಫ್ರೇಮಿನ ಮಧ್ಯದಿಂದ ಹೊರಗಡೆಗೆ ಉಬ್ಬಿದ್ರೆ ಇನ್ನೂ ಬೇಕು, ಫ್ರೇಮಿನ ಮಧ್ಯದ ಕಡೆಗೆ ಸೊಂಟದ ಥರ ಒಳಗೆ ಹೋಗಿದ್ರೆ ಜಾಸ್ತಿ ಆಯ್ತು. ಒಂದು ಜಾಗದಲ್ಲಿ ಹೊರಗೆ, ಇನ್ನೊಂದರಲ್ಲಿ ಒಳಗೆ ಹೋಗಿ ಅಲೆ ಥರ ಕಂಡ್ರೆ ಆ ಒಂದು ಸ್ಲೈಡರಿಂದ ಆಗಲ್ಲ, ಸರಿಯಾದ ಪ್ರೊಫೈಲೇ ಬೇಕು.

ಮೊಬೈಲ್ ಫೋಟೋಗೆ ಇದನ್ನೇ ಕಣ್ಮುಚ್ಕೊಂಡು ಹಾಕ್ಬೇಡಿ! ಮೊಬೈಲಿನ ಜೆಪೆಗ್ ಸಾಮಾನ್ಯವಾಗಿ ಫೋನಲ್ಲೇ ಸರಿಯಾಗಿ ಬಂದಿರತ್ತೆ, ಮತ್ತೆ ಸರಿಮಾಡಿದ್ರೆ ಗೋಡೆಗಳು ಒಳಕ್ಕೆ ಬಾಗತ್ತೆ. ಗೋಡೆ ಮೂಲೆ ಮೇಲೂ ಅದೇ ಗೆರೆ ಎಳೆದು ನೋಡಿ, ನೆಟ್ಟಗಿದ್ರೆ ಕೈ ಹಾಕ್ಬೇಡಿ.

ಎರಡೂ ನೆಟ್ಟಗಾದ ಮೇಲೆ ಬೀರು ಕಟ್ ಮಾಡಿ ಕೂರಿಸಿ. ಆಗಲೂ ಅಂಚುಗಳು ವಾಲಿದ ಹಾಗಿದ್ರೆ ಅದು ಲೆನ್ಸಿನ ತೊಂದರೆ ಅಲ್ಲ, ಪರ್ಸ್‌ಪೆಕ್ಟಿವ್. ಗೆರೆ ನೆಟ್ಟಗಿದೆ, ದಿಕ್ಕು ಬೇರೆ ಅಷ್ಟೇ, ಅದಕ್ಕೆ Edit > Transform > Distort ಹಾಕಿ ನಾಲ್ಕು ಮೂಲೆ ಎಳೆದ್ರೆ ಸಾಕು, ಇದರಲ್ಲಿ ನೇರ ಗೆರೆ ನೇರವಾಗೇ ಉಳಿಯತ್ತೆ, Warp ಹಾಗಲ್ಲ. ಆದ್ರೆ ಇದಕ್ಕೂ ಮಿತಿ ಇದೆ. ರೂಮನ್ನ ನಿಂತು ತೆಗೆದು ಬೀರುನ ಕೂತು ತೆಗೆದಿದ್ರೆ, ಒಂದರಲ್ಲಿ ಶೆಲ್ಫಿನ ಮೇಲ್ಭಾಗ ಕಾಣ್ತಿರತ್ತೆ ಇನ್ನೊಂದರಲ್ಲಿ ತಳ ಕಾಣ್ತಿರತ್ತೆ, ಮೂಲೆ ಎಷ್ಟೇ ಎಳೆದ್ರೂ ಅದು ಬದಲಾಗಲ್ಲ. ಬೀರುನ ರೂಮ್ ಫೋಟೋ ತೆಗೆದ ಅದೇ ಎತ್ತರ, ಅದೇ ದೂರದಿಂದ, ಫ್ರೇಮಿನ ಮಧ್ಯ ಇಟ್ಟು ಇನ್ನೊಂದ್ಸಲ ತೆಗೀರಿ.