ಫ್ಯಾನ್ ಹತ್ತಿರದಿಂದ ನನ್ನನ್ನೇ ನೋಡಿದ್ದು

"ಬೆಳಗಿನ ಜಾವ ಎಚ್ಚರ ಆಯ್ತು, ಕೈಕಾಲು ಆಡಲಿಲ್ಲ. ಫ್ಯಾನ್ ಹತ್ತಿರ ತೇಲ್ತಾ, ಕೆಳಗೆ ಮಲಗಿದ್ದ ನನ್ನನ್ನೇ ನೋಡಿದೆ. ಇದು ಆತ್ಮ ದೇಹ ಬಿಟ್ಟು ಓಡಾಡುತ್ತೆ ಅಂತಾರಲ್ಲ, ಆ ಆಸ್ಟ್ರಲ್ ಟ್ರಾವೆಲ್ಲಾ?"

ಬಹುಶಃ ಸ್ಲೀಪ್ ಪ್ಯಾರಾಲಿಸಿಸ್. ಕನಸಿನ ನಿದ್ದೆಯಲ್ಲಿ ಮೈ ಕಟ್ಟಿಹಾಕಿದ ಹಾಗಿರುತ್ತದೆ, ಅದು ಬಿಡೋ ಮೊದಲೇ ಮನಸ್ಸು ಎದ್ದರೆ 'ನಾನು ಎಲ್ಲಿದ್ದೇನೆ' ಅನ್ನೋ ಮೆದುಳಿನ ಲೆಕ್ಕ ತಪ್ಪಬಹುದು. 2002ರಲ್ಲಿ ಸ್ವಿಟ್ಜರ್ಲೆಂಡ್‌ನ ನರವಿಜ್ಞಾನಿ ಓಲಾಫ್ ಬ್ಲಾಂಕೆ ತಂಡ ಒಂದು ವರದಿ ಕೊಟ್ಟಿತು: ಮೂರ್ಛೆರೋಗದ ಮಹಿಳೆಯೊಬ್ಬರ ಮೆದುಳಿನ ಬಲಭಾಗಕ್ಕೆ ಸಣ್ಣ ಕರೆಂಟ್ ಕೊಟ್ಟಾಗ ಅವರಿಗೂ ಮೇಲಿಂದ ತಾವೇ ಕಂಡರು, ಅದೂ ಕಾಲು, ಸೊಂಟ ಮಾತ್ರ!

ಮತ್ತೆ ಆದರೆ ಗಾಬರಿಯಲ್ಲಿ ಏಳೋಕೆ ಹೋಗದೆ ನಿಧಾನ ಉಸಿರಾಡಿ, ಒಂದು ಕಾಲ್ಬೆರಳು ಅಲ್ಲಾಡಿಸಲು ನೋಡಿ. ಅಂಗಾತ ಮಲಗಬೇಡಿ, ನಿದ್ದೆ ಕೆಡಿಸಬೇಡಿ. ಅನುಮಾನ ಉಳಿದರೆ ಮನೆಯವರಿಂದ ಕೆಳಗಿಂದ ಕಾಣದ ಹಾಗೆ ಬೀರುವಿನ ಮೇಲೆ ಒಂದು ಅಂಕಿ ಬರೆಸಿಡಿ, ತೇಲಿದಾಗ ಓದಿ, ಎದ್ದ ಮೇಲೆ ಸರಿಯಾ ಅಂತ ತಾಳೆ ನೋಡಿ. ಹಗಲಲ್ಲಿ, ಪೂರ್ತಿ ಎಚ್ಚರವಿದ್ದಾಗ ಹೀಗಾದರೆ ಮಾತ್ರ ಸುಮ್ನಿರಬೇಡಿ, ನರರೋಗ ತಜ್ಞರಿಗೆ ತೋರಿಸಿ.